ಸಾಲದ ಬಡ್ಡಿ ಏರಿಸಿದರೆ ಎಂಐಆರ್‌ಆರ್ ಕೂಡ ಏರುತ್ತಿದೆ, ಯಾಕೆ?

ಪ್ರಶ್ನೆ (ತಿಪಟೂರಿನಿಂದ): ಕೊಬ್ಬರಿ ಎಣ್ಣೆ ಮಿಲ್ ಹಾಕುವ ಯೋಚನೆ ಇದೆ. ಮೊದಲಿಗೆ 20 ಲಕ್ಷ ಬೇಕು. ಖರ್ಚು ಕಳೆದು 1ನೇ ವರ್ಷ 7 ಲಕ್ಷ, 2ನೇ ವರ್ಷ 8 ಲಕ್ಷ ಉಳಿಯಬಹುದು. 3ನೇ ವರ್ಷ ಮೆಷಿನ್ ಬದಲಿಸಬೇಕಾಗಿ 3 ಲಕ್ಷ ಕೈಯಿಂದಲೇ ಹೋಗುತ್ತದೆ. ಆಮೇಲೆ 9, ಕೊನೆಗೆ 10. ಸಾಲ 11%, ಎಫ್‌ಡಿ 6.5% ಅಂತ ಹಾಕಿದಾಗ ಎಕ್ಸೆಲ್‌ನಲ್ಲಿ 11.50% ಬಂತು. ಸಾಲವನ್ನು 14% ಮಾಡಿದೆ, 11.67% ಆಯಿತು! ಬಡ್ಡಿ ಜಾಸ್ತಿಯಾದರೆ ಲಾಭ ಕಮ್ಮಿಯಾಗಬೇಕಲ್ಲವೇ?

ನಿವೃತ್ತ ಬ್ಯಾಂಕ್ ಉದ್ಯೋಗಿ: ಎರಡು ದರಗಳನ್ನು ಅದಲುಬದಲು ಮಾಡಿರುತ್ತೀರಿ. ಮೊದಲು ಸಾಲದ ದರ, ಆಮೇಲೆ ಮರುಹೂಡಿಕೆ ದರ. ಸರಿ ಮಾಡಿದರೆ ಇಳಿಯುತ್ತದೆ.

ಪ್ರಶ್ನೆ ಕೇಳಿದವರು: ಇಲ್ಲ ಸರ್, ಅದೇ ಕ್ರಮದಲ್ಲೇ ಹಾಕಿದ್ದೇನೆ:

```
=MIRR(B2:B7, 14%, 6.5%)
```

ಪ್ರಾಜೆಕ್ಟ್ ರಿಪೋರ್ಟ್ ಮಾಡುವ ಸಿಎ: ಲೆಕ್ಕ ಸರಿಯಾಗಿಯೇ ಇದೆ. ಈ ಸೂತ್ರದಲ್ಲಿ ಸಾಲದ ದರಕ್ಕೆ ಇರುವುದು ಒಂದೇ ಕೆಲಸ: ಕೈಯಿಂದ ಹೋಗುವ ಹಣವನ್ನೆಲ್ಲ ಇವತ್ತಿನ ಬೆಲೆಗೆ ತರುವುದು. ಮೊದಲ ದಿನದ 20 ಲಕ್ಷ ಇವತ್ತೇ ಹೋಗುವುದರಿಂದ ಅದಕ್ಕೆ ಯಾವ ದರವೂ ತಾಗುವುದಿಲ್ಲ. ತಾಗುವುದು ನಿಮ್ಮ 3ನೇ ವರ್ಷದ 3 ಲಕ್ಷಕ್ಕೆ ಮಾತ್ರ. 11%ಕ್ಕೆ ಅದು ಇವತ್ತಿನ ಲೆಕ್ಕದಲ್ಲಿ 2.19 ಲಕ್ಷ, 14%ಕ್ಕೆ 2.02 ಲಕ್ಷ. ಮುಂದಿನ ಖರ್ಚು ಇವತ್ತಿಗೆ ಹಗುರವಾಗಿ ಕಂಡಿತು, ಹೂಡಿಕೆ ಕಮ್ಮಿಯಾದಂತೆ ಆಯಿತು, ಶೇಕಡಾ ಏರಿತು. 3ನೇ ವರ್ಷದ ಖರ್ಚೇ ಇಲ್ಲದಿದ್ದರೆ ಸಾಲದ ದರ 11 ಹಾಕಿ, 40 ಹಾಕಿ, ಉತ್ತರ ಅಲ್ಲಾಡುವುದಿಲ್ಲ. ಬೇಕಾದರೆ ಆ ಸಾಲಿಗೆ ಸೊನ್ನೆ ಹಾಕಿ ನೋಡಿ.

ಬಂದ ಹಣದ ಕಡೆ ನೋಡಿ. 7, 8, 9, 10 ಎಲ್ಲವನ್ನೂ 6.5%ರಂತೆ 5ನೇ ವರ್ಷದ ಕೊನೆಯವರೆಗೆ ಬೆಳೆಸಿದರೆ 38.25 ಲಕ್ಷ. ಹೋದದ್ದು ಇವತ್ತಿನ ಲೆಕ್ಕದಲ್ಲಿ 22.19 ಲಕ್ಷ. 22.19 ಐದು ವರ್ಷದಲ್ಲಿ 38.25 ಆಗಲು ವರ್ಷಕ್ಕೆ 11.50% ಬೇಕು. ನಿಮ್ಮ ಸಾಲಕ್ಕೆ ಬೀಳುವ ಬಡ್ಡಿ ಇದರೊಳಗೆ ಎಲ್ಲೂ ಕಳೆದಿಲ್ಲ.

ನಿವೃತ್ತ ಬ್ಯಾಂಕ್ ಉದ್ಯೋಗಿ: ಹಾಗಾದರೆ ಸಾಲ 14% ಇದ್ದಾಗ 11.67% ಸಾಲದು, ಪ್ರಾಜೆಕ್ಟ್ ಬಿಡಿ ಅಂತ ಅರ್ಥ.

ಸಿಎ: ಅಲ್ಲೇ ಎಚ್ಚರ ಬೇಕು ಸರ್. 14%ರಲ್ಲಿ ಎನ್‌ಪಿವಿ ತೆಗೆದರೆ ಸುಮಾರು 79 ಸಾವಿರ ಲಾಭವೇ ಬರುತ್ತದೆ. ಒಂದು ಬಿಡು ಎನ್ನುತ್ತದೆ, ಇನ್ನೊಂದು ಹಿಡಿ ಎನ್ನುತ್ತದೆ. ಜಗಳಕ್ಕೆ ಕಾರಣ 6.5%. 14% ಬಡ್ಡಿಯ ಸಾಲ ತಲೆಯ ಮೇಲಿರುವಾಗ ಬಂದ ಹಣವನ್ನು ಯಾರು ಎಫ್‌ಡಿಯಲ್ಲಿ ಇಡುತ್ತಾರೆ? ಓವರ್‌ಡ್ರಾಫ್ಟ್ ಖಾತೆಗೆ ಕಟ್ಟುತ್ತಾರೆ. ಕಟ್ಟಿದ ಪ್ರತಿ ರೂಪಾಯಿ ಉಳಿಸುವುದು ಸಾಲದ ಬಡ್ಡಿಯನ್ನೇ. ಆಗ ನಿಜವಾದ ಮರುಹೂಡಿಕೆ ದರ 14%. ಎರಡೂ ಕಡೆ 14% ಹಾಕಿದರೆ ಎಂಐಆರ್‌ಆರ್ 14.81%, ಎನ್‌ಪಿವಿ ಜೊತೆ ತಕರಾರಿಲ್ಲ. 11% ಸಾಲವಾದರೆ ಎರಡೂ ಕಡೆ 11% ಹಾಕಿ, 13.37% ಬರುತ್ತದೆ.

ಆದರೆ ಇದು ಸಾಲ ಇರುವವರೆಗೆ ಮಾತ್ರ. 20 ಲಕ್ಷವೂ 11%ರ ಸಾಲವಾದರೆ ಅದು ತೀರುವುದು 5ನೇ ವರ್ಷಕ್ಕೆ. ನೀವು 5 ಲಕ್ಷ ಸ್ವಂತ ಹಾಕಿದರೆ 4ನೇ ವರ್ಷಕ್ಕೇ ತೀರುತ್ತದೆ, ಆಮೇಲೆ ಮಿಗುವ ಹಣಕ್ಕೆ ಎಫ್‌ಡಿ ದರವೇ ಗತಿ. ಸಾಲ ಓವರ್‌ಡ್ರಾಫ್ಟ್ ಅಲ್ಲದೆ ಟರ್ಮ್ ಲೋನ್ ಆಗಿದ್ದರೆ, ಮುಂಚೆ ಕಟ್ಟಿದ್ದಕ್ಕೆ ಶುಲ್ಕ ಇದೆಯೇ ಎಂದು ಮಂಜೂರಾತಿ ಪತ್ರದಲ್ಲಿ ನೋಡಿ.

ಇನ್ನೊಬ್ಬ ಸದಸ್ಯೆ: ನನ್ನದು ಅಡಿಕೆ ತೋಟ. ಎರಡು ವರ್ಷ ಖರ್ಚು, ಆದಾಯ ಸರಿಸಮ ಆಗುತ್ತದೆ ಅಂತ ಆ ಸೆಲ್ ಖಾಲಿ ಬಿಟ್ಟೆ. ಶೇಕಡಾ ತುಂಬಾ ಜಾಸ್ತಿ ಬಂದಿದೆ. ನಾನೂ ಸಾಲದ ದರ ಬದಲಿಸಬೇಕಾ?

ಸಿಎ: ನಿಮ್ಮದು ಬೇರೆ ವಿಷಯ ಮೇಡಂ. ಖಾಲಿ ಸೆಲ್ ಅನ್ನು ಎಕ್ಸೆಲ್ ಬಿಟ್ಟೇ ಬಿಡುತ್ತದೆ, ಅಂದರೆ ನಿಮ್ಮ ತೋಟಕ್ಕೆ ಎರಡು ವರ್ಷ ಕಮ್ಮಿಯಾಯಿತು. ಅಲ್ಲಿ 0 ಬರೆಯಿರಿ.

ಪ್ರಶ್ನೆ ಕೇಳಿದವರು: ಅರ್ಥವಾಯಿತು ಸರ್. ಒಂದೇ ಅನುಮಾನ. 3ನೇ ವರ್ಷದ 3 ಲಕ್ಷಕ್ಕೆ ನಾನು ಸಾಲ ಮಾಡುವುದಿಲ್ಲ, 2ನೇ ವರ್ಷದ 8 ಲಕ್ಷದಲ್ಲೇ ತೆಗೆದಿಡುತ್ತೇನೆ. ಅದಕ್ಕೂ ಸಾಲದ ದರವೇ?

ಸಿಎ: ಹಾಗಾದರೆ ನಾನು 2ನೇ ವರ್ಷದಿಂದಲೇ ಆ ಹಣ ಕಳೆದು, 3ನೇ ವರ್ಷಕ್ಕೆ 0 ಹಾಕುತ್ತೇನೆ.

ನಿವೃತ್ತ ಬ್ಯಾಂಕ್ ಉದ್ಯೋಗಿ: ನಾನು ಒಪ್ಪುವುದಿಲ್ಲ. ಬ್ಯಾಂಕಿಗೆ ಕೊಡುವ ರಿಪೋರ್ಟ್‌ನಲ್ಲಿ ಖರ್ಚು ಬಿದ್ದ ವರ್ಷದಲ್ಲೇ ಕಾಣಬೇಕು.

ಸಿಎ: ರಿಪೋರ್ಟ್‌ನಲ್ಲಿ ಕಾಣಲಿ ಸರ್. ಅವರು ತಮಗಾಗಿ ತೀರ್ಮಾನ ಮಾಡುವ ಹಾಳೆಯಲ್ಲಿ ಹಣ ನಿಜವಾಗಿ ಎಲ್ಲಿಂದ ಬರುತ್ತದೋ ಅಲ್ಲಿಂದಲೇ ಕಳೆಯುವುದು ಸರಿ ಅಂತ ನನ್ನ ಅಭಿಪ್ರಾಯ.