ಮಾರ್ಚ್ ಸೇಲ್ಸ್ ನಂಬರ್ ಬದಲಾಗಿದೆ, ಕ್ವೆರಿ ಮುಟ್ಟಿದ್ದು ಯಾರು?

ಪ್ರಶ್ನೆ: ನಾವು ಮೂರು ಜನ ರಿಪೋರ್ಟ್ ಮಾಡುವವರು. ಕ್ವೆರಿಗಳೆಲ್ಲ ಡ್ಯಾಶ್‌ಬೋರ್ಡ್ ಒಳಗೇ ಇವೆ. ಏಪ್ರಿಲ್ 3ರಂದು ಕಳಿಸಿದ ಮಾರ್ಚ್ ಸೇಲ್ಸ್ 48,20,000 ಇತ್ತು. ಈಗ ಅದೇ ರಿಪೋರ್ಟ್ 50,05,000 ತೋರಿಸುತ್ತಿದೆ. ಯಾರು ಏನು ಬದಲಿಸಿದರೋ ಗೊತ್ತಿಲ್ಲ. ಗಿಟ್‌ಗೆ ಹಾಕಿದರೆ ಈ ತಲೆನೋವು ಹೋಗುತ್ತಾ?

ಒಬ್ಬ ಅನಲಿಸ್ಟ್: ಗಿಟ್ ಎಲ್ಲ ಯಾಕೆ ಸರ್? ಕ್ವೆರಿ ಮೇಲೆ ಕಾಮೆಂಟ್‌ನಲ್ಲಿ ತಾರೀಖು, ಹೆಸರು, ಏನು ಬದಲಿಸಿದೆ ಅಂತ ಬರೆದರೆ ಸಾಕು. ನಾವು ಹಾಗೇ ಮಾಡುತ್ತೇವೆ.

ಡೇಟಾ ಇಂಜಿನಿಯರ್: ಕಾಮೆಂಟ್ ಬರೆಯೋದು ಒಳ್ಳೆಯದೇ. ಆದರೆ ಅವಸರದಲ್ಲಿ ತಿದ್ದುವ ದಿನವೇ ಅದು ಮರೆತುಹೋಗುತ್ತದೆ. ಬರೆದರೂ ಹಳೆಯ ಸಾಲು ಹೇಗಿತ್ತು ಅಂತ ಸಿಗಲ್ಲ.

ಒಂದು ರಿಪೋರ್ಟಿಗೆ ಒಂದು `.sql` ಫೈಲ್ ಮಾಡಿ ಗಿಟ್‌ಗೆ ಹಾಕಿ. `main` ಬ್ರಾಂಚಿಗೆ ನೇರವಾಗಿ ಪುಶ್ ಮಾಡಲು ಬಿಡಬೇಡಿ, ಇನ್ನೊಬ್ಬರು ಒಪ್ಪಿದ ಮೇಲೇ ಸೇರಲಿ. ಆಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ ಕ್ವೆರಿ ತಿದ್ದುವ ಪರ್ಮಿಷನ್ ಮೂವರಿಂದಲೂ ತೆಗೆಯಿರಿ. ಜನ ಎಡವೋದು ಇಲ್ಲೇ. ಗಿಟ್‌ನಲ್ಲಿ ಒಂದು ಕ್ವೆರಿ, ಸ್ಕ್ರೀನ್ ಹಿಂದೆ ಇನ್ನೊಂದು ಓಡುತ್ತಿದ್ದರೆ ಗಿಟ್ ಇಲ್ಲದ್ದಕ್ಕಿಂತ ಕಷ್ಟ, ಯಾಕಂದ್ರೆ ನೀವು ಅದನ್ನು ನಂಬಿ ಕೂತಿರುತ್ತೀರಿ.

ಯಾರು ಮುಟ್ಟಿದ್ದು ಅಂತ ನೋಡಲು ಆಮೇಲೆ ಇಷ್ಟೇ:

```
git log -p -- reports/monthly_sales.sql
```

ಈ ಸಲದ್ದಕ್ಕೆ, ಹಳೆಯ ಕ್ವೆರಿ ಎಲ್ಲಾದರೂ ಸಿಗುತ್ತಾ ಹುಡುಕಿ.

ಪ್ರಶ್ನೆ ಕೇಳಿದವರು: ಹಳೆಯ ಮೇಲ್‌ನಲ್ಲಿ ಸಿಕ್ಕಿತು ಸರ್! ಇದೊಂದೇ ವ್ಯತ್ಯಾಸ:

```sql
-- ಹಳೆಯದು
WHERE order_time BETWEEN '2025-03-01' AND '2025-03-31'
-- ಈಗಿನದು
WHERE order_time >= '2025-03-01'
  AND order_time <  '2025-04-01'
```

ಡೇಟಾ ಇಂಜಿನಿಯರ್: ತಿದ್ದಿದವರು ಸರಿಯಾಗಿಯೇ ತಿದ್ದಿದ್ದಾರೆ, ಸುಮ್ನೆ ಯಾರಿಗೂ ಹೇಳಿಲ್ಲ. `order_time`ನಲ್ಲಿ ಗಂಟೆ, ನಿಮಿಷವೂ ಇದೆ ಅಲ್ವಾ? ಹಾಗಾಗಿ `'2025-03-31'` ಅಂದರೆ 31 ಶುರುವಾಗುವ ಮಧ್ಯರಾತ್ರಿ 00:00. ಬೆಳಿಗ್ಗೆ ಹತ್ತಕ್ಕೆ ಬಂದ ಆರ್ಡರ್ ಅದರಾಚೆ ಬೀಳುತ್ತದೆ. 31ನೇ ತಾರೀಖು ಹೆಚ್ಚುಕಡಿಮೆ ಪೂರ್ತಿ ಬಿಟ್ಟುಹೋಗಿತ್ತು.

ಈಗ 31ರ ಒಂದೇ ದಿನದ ಮೊತ್ತ ತೆಗೆಯಿರಿ. ಅದು 1,85,000 ಬಂದರೆ ಲೆಕ್ಕ ಮುಗಿಯಿತು.

ಪ್ರಶ್ನೆ ಕೇಳಿದವರು: 1,92,000 ಬಂತು. 7,000 ತಾಳೆಯಾಗುತ್ತಿಲ್ಲ.

ಡೇಟಾ ಇಂಜಿನಿಯರ್: ಹಳೆಯ ಕ್ವೆರಿಯನ್ನು ಇವತ್ತಿನ ಡೇಟಾ ಮೇಲೆ ಓಡಿಸಿ ನೋಡಿ.

ಪ್ರಶ್ನೆ ಕೇಳಿದವರು: 48,13,000! ಏಪ್ರಿಲ್ 3ಕ್ಕೆ 48,20,000 ಕೊಟ್ಟಿದ್ದ ಅದೇ ಕ್ವೆರಿ. ಮಾರ್ಚ್ ಆರ್ಡರ್‌ಗಳ 7,000 ರೂಪಾಯಿ ಮಾಲು ಏಪ್ರಿಲ್ 3ರ ನಂತರ ವಾಪಸ್ ಬಂದಿದೆ. ನಮ್ಮ ರಿಪೋರ್ಟ್ ರಿಟರ್ನ್ಸ್ ಅನ್ನು ಆರ್ಡರ್ ಆದ ತಿಂಗಳಿಗೇ ಕಳೆಯುತ್ತದೆ.

ಡೇಟಾ ಇಂಜಿನಿಯರ್: ನೋಡಿ, ಕ್ವೆರಿಯಿಂದ 1,92,000 ಏರಿತು, ಡೇಟಾದಿಂದ 7,000 ಇಳಿಯಿತು. ಗಿಟ್ ಮೊದಲನೆಯದನ್ನು ಮಾತ್ರ ಹೇಳುತ್ತದೆ. ಹಾಗಾಗಿ ರಿಪೋರ್ಟ್ ಕಳಿಸಿದಾಗಲೆಲ್ಲ ಮೊತ್ತ, ಓಡಿಸಿದ ಸಮಯ, ಆ ಕ್ವೆರಿಯ ಕಮಿಟ್ ನಂಬರ್, ಈ ಮೂರನ್ನೂ ಒಂದು ಟೇಬಲ್‌ನಲ್ಲಿ ಬರೆದಿಡಿ. ಕಮಿಟ್ ನಂಬರ್ ರಿಪೋರ್ಟಿನ ಅಡಿಯಲ್ಲೂ ಸಣ್ಣದಾಗಿ ಕಾಣಲಿ.

ರಿವ್ಯೂಗೂ ಇದೇ ಲೆಕ್ಕ. ಕ್ವೆರಿ ಬದಲಿಸಿದವರು ಹಳೆಯದು, ಹೊಸದು ಎರಡನ್ನೂ ಒಂದೇ ಹೊತ್ತಿಗೆ, ಒಂದೇ ಡೇಟಾ ಮೇಲೆ ಓಡಿಸಿ ಎರಡು ನಂಬರನ್ನೂ ಪುಲ್ ರಿಕ್ವೆಸ್ಟ್‌ನಲ್ಲಿ ಹಾಕಬೇಕು. ಜೊತೆಗೆ ವ್ಯತ್ಯಾಸ ಎಲ್ಲಿಂದ ಬಂತು ಅಂತ ಒಂದು ಸಾಲು. ನಿಮ್ಮ ಕೇಸಿನಲ್ಲಿ "31ರ ಆರ್ಡರ್‌ಗಳು, 1,92,000, ಪೂರ್ತಿ ತಾಳೆ" ಅಂತ. ಇಷ್ಟು ಇಲ್ಲದಿದ್ದರೆ ನಾನು ಒಪ್ಪೋದೇ ಇಲ್ಲ. ಬರೀ ಕೋಡ್ ನೋಡಿ "ಚೆನ್ನಾಗಿದೆ" ಅನ್ನೋದು ರಿವ್ಯೂ ಅಲ್ಲ.

ಇನ್ನೊಬ್ಬರು: ನಾವೂ ಗಿಟ್‌ಗೆ ಹಾಕಿದೆವು ಸರ್, ಏನೂ ಕಾಣಲಿಲ್ಲ. ಎಲ್ಲಾ ಎಕ್ಸೆಲ್ ಫೈಲ್‌ಗಳು.

ಡೇಟಾ ಇಂಜಿನಿಯರ್: `.xlsx` ಒಳಗೆ ಜಿಪ್ ಫೈಲ್. ಬದಲಾಗಿದೆ ಅಂತ ಗಿಟ್ ಹೇಳುತ್ತದೆ, ಯಾವ ಸೆಲ್ ಅಂತ ಹೇಳಲ್ಲ. ಇಲ್ಲಿ ಮಾತಾಡುತ್ತಿರುವುದು ಕ್ವೆರಿ ಬಗ್ಗೆ, ಅದು ಬರೀ ಟೆಕ್ಸ್ಟ್.

ಅಕೌಂಟ್ಸ್‌ನವರು: ಒಂದು ಮಾತು. ಈ ತಪ್ಪು ಮಾರ್ಚ್‌ದು ಮಾತ್ರ ಅಲ್ಲ, ಪ್ರತಿ ತಿಂಗಳೂ ಕೊನೆಯ ದಿನ ಬಿಟ್ಟಿದೆ. ಹಿಂದಿನ ತಿಂಗಳುಗಳ ನಂಬರ್ ಹಾಗೇ ಏರಿಸಿದರೆ ಮ್ಯಾನೇಜ್‌ಮೆಂಟ್ ನಮ್ಮನ್ನು ಹಿಡಿದು ಕೇಳುತ್ತದೆ. ನಾನಾದರೆ ಕಳಿಸಿದ್ದನ್ನು ಮುಟ್ಟದೆ ಕೆಳಗೆ ಟಿಪ್ಪಣಿ ಹಾಕುತ್ತೇನೆ.

ಡೇಟಾ ಇಂಜಿನಿಯರ್: ನಾನಾದರೆ ತಿದ್ದಿ, ಹಳೆಯದು ಹೊಸದು ಎರಡನ್ನೂ ಪಕ್ಕಪಕ್ಕ ತೋರಿಸುತ್ತೇನೆ. ಇಲ್ಲದಿದ್ದರೆ ಮುಂದಿನ ವರ್ಷ ಮಾರ್ಚ್‌ಗೆ ಮಾರ್ಚ್ ಹೋಲಿಸಿದಾಗ ಸೇಲ್ಸ್ ಏರದಿದ್ದರೂ ಏರಿದಂತೆ ಕಾಣುತ್ತದೆ. ಆದರೆ ಇದನ್ನು ನಾವು ಇಲ್ಲಿ ಕೂತು ತೀರ್ಮಾನಿಸೋಕಾಗಲ್ಲ, ನಿಮ್ಮ ಫೈನಾನ್ಸ್ ಮುಖ್ಯಸ್ಥರನ್ನೇ ಕೇಳಿ.

ಪ್ರಶ್ನೆ ಕೇಳಿದವರು: ಸೋಮವಾರ ಕೇಳುತ್ತೇನೆ. ಅಂದಹಾಗೆ, ಕ್ವೆರಿ ತಿದ್ದಿದ್ದು ನಾನೇ ಇರಬೇಕು ಅಂತ ಈಗ ಅನುಮಾನ ಬರುತ್ತಿದೆ.