ಸಹಾಯ ಬೇಕು: ಪ್ರಿಂಟರಿನಲ್ಲಿ ನೆಟ್ಟಗಿನ ಗೆರೆ ಮುರಿದು ಬರುತ್ತಿದೆ

ನಮಸ್ಕಾರ. ಉಡುಪಿಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿಯಿದೆ. ಇಂಕ್‌ಜೆಟ್ ಪ್ರಿಂಟರಿನಲ್ಲಿ ಕೋಷ್ಟಕ ಮುದ್ರಿಸಿದರೆ ಲಂಬ ಗೆರೆಗಳು ಮೆಟ್ಟಿಲಿನಂತೆ ಮುರಿಯುತ್ತವೆ, ಅಕ್ಷರಗಳ ಅಂಚು ಎರಡೆರಡಾಗಿ ಕಾಣುತ್ತದೆ. ನಾಝಲ್ ಪರೀಕ್ಷೆಯಲ್ಲಿ ಯಾವ ಗೆರೆಯೂ ಬಿಟ್ಟುಹೋಗಿಲ್ಲ.

ಹೆಡ್ ಹೋಗುವಾಗಲೂ ಮರಳುವಾಗಲೂ ಶಾಯಿ ಚಿಮ್ಮುತ್ತದೆಯಲ್ಲ, ಆ ಎರಡು ಓಟಗಳು ಒಂದೇ ಜಾಗಕ್ಕೆ ಬೀಳುತ್ತಿಲ್ಲವೆಂದು ನನ್ನ ಅನುಮಾನ. ಎರಡೂ ದಿಕ್ಕಿನ ಮುದ್ರಣವನ್ನು ನಿಲ್ಲಿಸಿ ನೋಡಿದೆ. ಗೆರೆ ನೆಟ್ಟಗಾಯಿತು, ಆದರೆ ವೇಗ ತೀರಾ ಕುಸಿಯಿತು. ಹಾಗಾಗಿ ಹೆಡ್ ಅಲೈನ್‌ಮೆಂಟ್ ಮಾಡಿದೆ. ಮುದ್ರಿತ ಪಟ್ಟಿಗಳಲ್ಲಿ ಬಿಳಿ ಸಂದೂ ಕಪ್ಪು ಗೆರೆಯೂ ಕಾಣದ ಸಂಖ್ಯೆಯನ್ನು ಆರಿಸಿದರೆ, ಮರಳುವ ಓಟದಲ್ಲಿ ಶಾಯಿ ಚಿಮ್ಮುವ ಕ್ಷಣವನ್ನು ಪ್ರಿಂಟರ್ ಅಷ್ಟು ಹಿಂದುಮುಂದು ಮಾಡಿಕೊಳ್ಳುತ್ತದೆ. ಮೊದಲ ಸಲ 4 ಹೊಂದಿತು. ವಾರದೊಳಗೆ ಗೆರೆ ಮತ್ತೆ ಮುರಿಯಿತು, ಈಗ 7 ಬೇಕಾಗಿದೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಇದು: ಹಾಳೆಯ ಎಡಭಾಗ ಸರಿಯಾದರೂ ಬಲಭಾಗ ತಪ್ಪುತ್ತದೆ. ಇಡೀ ಸಾಲಿಗೆ ಒಂದೇ ತಿದ್ದುಪಡಿ ಕೊಟ್ಟರೆ ಜಾಗಕ್ಕೊಂದು ರೀತಿಯ ತಪ್ಪು ಹೋಗುವುದಿಲ್ಲ. ಹೆಡ್ಡಿನ ಸ್ಥಾನವನ್ನು ಅಳೆಯುವ ಪಾರದರ್ಶಕ ಎನ್‌ಕೋಡರ್ ಪಟ್ಟಿಯ ಮೇಲೆ ಬಲಕ್ಕೆ ಗ್ರೀಸಿನ ಕಲೆಯಿದೆ. ಅದರ ಸೂಕ್ಷ್ಮ ಗೆರೆಗಳು ಅಳಿಸದಂತೆ ಒರೆಸುವುದು ಹೇಗೆ? ನೀರು ತಾಗಿಸಿದ ಮೆತ್ತನೆಯ ಬಟ್ಟೆ ಸಾಕೇ? ಕೈಯಾರೆ ಮಾಡಿದವರು ದಯವಿಟ್ಟು ತಿಳಿಸಿ.