ಸಹಾಯ ಬೇಕು: ಅಪ್ಪನ ಪ್ರೊಗ್ರೆಸಿವ್ ಕನ್ನಡಕ ಅಂಗಡಿಯಲ್ಲೋ, ಆನ್‌ಲೈನಲ್ಲೋ?

ಕಾಸರಗೋಡು, ಬದಿಯಡ್ಕ ಕಡೆಯವರು ದಯವಿಟ್ಟು ಹೇಳಿ. ಅಪ್ಪನಿಗೆ ದೂರಕ್ಕೆ +1.00, ಓದಲು ಅಡಿಷನ್ +2.00. ಪೇಟೆಯ ಅಂಗಡಿಯಲ್ಲಿ ಪ್ರೊಗ್ರೆಸಿವ್ ಲೆನ್ಸ್, ಆ್ಯಂಟಿ-ಗ್ಲೇರ್ ಕೋಟಿಂಗ್, ಟಿಆರ್90 ಫ್ರೇಮ್ ಸೇರಿ 6,500 ರೂಪಾಯಿ ಹೇಳಿದರು. ಆನ್‌ಲೈನಲ್ಲಿ 3,800. ಲೆನ್ಸಿನ ಇಂಡೆಕ್ಸ್ ಎರಡು ಕಡೆಯೂ 1.56. ಬ್ಲೂ ಕಟ್‌ಗೆ ಜಾಸ್ತಿ ಕೇಳಿದರು, ಅದು ಬೇಡ ಅಂದೆ.

ನನ್ನ ಚಿಂತೆ ಅಳತೆಯದ್ದು. ಪ್ರೊಗ್ರೆಸಿವ್‌ಗೆ ಎರಡು ಕಣ್ಣುಪಾಪೆಗಳ ನಡುವಿನ ಅಂತರ ಮಾತ್ರ ಸಾಲದು. ಫ್ರೇಮ್ ಹಾಕಿಸಿ, ಪಾಪೆಯಿಂದ ಲೆನ್ಸಿನ ಕೆಳಗಿನ ಅಂಚಿನವರೆಗಿನ ಎತ್ತರವನ್ನೂ ಅಳೆಯಬೇಕು. ಅದು ತಪ್ಪಿ ಓದುವ ಭಾಗ ಕೆಳಗೆ ಕೂತರೆ, ಪೇಪರ್ ಓದಲು ಗದ್ದ ಎತ್ತಿಯೇ ಇರಬೇಕಾಗುತ್ತದೆ, ಕುತ್ತಿಗೆ ನೋವು ಬೇರೆ. ಆನ್‌ಲೈನಲ್ಲಿ ತರಿಸಿದವರೇ, ಈ ಎತ್ತರ ಹೇಗೆ ಕೊಟ್ಟಿರಿ? ಸರಿಯಾಗದಾಗ ಲೆನ್ಸ್ ಬದಲಿಸಿ ಕೊಟ್ಟರಾ? ಹೊರಗೆ ಕೊಂಡ ಫ್ರೇಮಿಗೆ ಅಳತೆ ತೆಗೆದು ಲೆನ್ಸ್ ಮಾತ್ರ ಹಾಕಿಕೊಡುವ ಅಂಗಡಿ ಇದ್ದರೂ ತಿಳಿಸಿ.